ಎಸೆಯದ ರಕ್ತನಿಧಿಯನ್ನು ನಂಬಬೇಡಿ

ದಾನಿಗಳು ಕೊಟ್ಟ ರಕ್ತವನ್ನು ರಕ್ತನಿಧಿಯವರು ಎಸೆದರು ಎಂಬ ಸುದ್ದಿ ಆಗಾಗ ಬರುತ್ತದೆ. ಓದಿದವರಿಗೆ ಸಿಟ್ಟು ಬರುತ್ತದೆ. ನನಗೆ ಆ ಸಿಟ್ಟಿನ ಮೇಲೇ ಸ್ವಲ್ಪ ಸಿಟ್ಟು. ರಕ್ತಸ್ರಾವ ನಿಲ್ಲಿಸುವ ಕಣಗಳಾದ ಪ್ಲೇಟ್‌ಲೆಟ್ ಇಡುವ ಕಡೆ ವರ್ಷವಿಡೀ ಒಂದು ಯೂನಿಟ್ಟೂ ಹಾಳಾಗಿಲ್ಲ ಎಂದರೆ, ಅಲ್ಲಿ ಯಾರಿಗೋ ಬೇಕಾದಾಗ ಸಿಕ್ಕಿಲ್ಲ ಅಂತಲೇ ನಾನು ಅನುಮಾನ ಪಡುತ್ತೇನೆ.

ಕೆಂಪು ರಕ್ತಕಣಗಳು ಫ್ರಿಜ್‌ನಲ್ಲಿ ಸುಮಾರು 42 ದಿನ ಇರುತ್ತವೆ. ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿ ವರ್ಷಗಟ್ಟಲೆ ಇಡಬಹುದು. ಪ್ಲೇಟ್‌ಲೆಟ್‌ಗೆ ಮಾತ್ರ ಹೆಚ್ಚಿನ ಕಡೆ ಐದೇ ದಿನ. ಅದೂ ಫ್ರಿಜ್‌ನಲ್ಲಲ್ಲ, 20ರಿಂದ 24 ಡಿಗ್ರಿಯಲ್ಲಿ, ಒಂದೇ ಸಮನೆ ಅಲುಗಾಡಿಸುತ್ತಾ ಇಡಬೇಕು. ಮೊದಲು ಇದನ್ನೂ ತಣ್ಣಗೇ ಇಡುತ್ತಿದ್ದರು. 1969ರಲ್ಲಿ ಅಮೆರಿಕದ ಮರ್ಫಿ ಮತ್ತು ಗಾರ್ಡ್ನರ್ ಹೋಲಿಸಿ ನೋಡಿದರು. ಕೋಣೆಯ ಬಿಸಿಯಲ್ಲಿಟ್ಟ ಪ್ಲೇಟ್‌ಲೆಟ್ ರೋಗಿಯ ಮೈಯಲ್ಲಿ ದಿನಗಟ್ಟಲೆ ಓಡಾಡುತ್ತಿತ್ತು. ತಣ್ಣಗಿಟ್ಟದ್ದು ಬೇಗನೆ ಮಾಯವಾಗುತ್ತಿತ್ತು. ಕಾರಣ ಆಮೇಲೆ ತಿಳಿಯಿತು. ಚಳಿಗೆ ಪ್ಲೇಟ್‌ಲೆಟ್‌ನ ಮೈಮೇಲಿನ ಕೆಲವು ಪ್ರೋಟೀನುಗಳು ಒತ್ತೊತ್ತಾಗಿ ಗುಂಪುಗೂಡುತ್ತವೆ, ಅವುಗಳ ತುದಿಯ ಸಕ್ಕರೆ ಅಂಶ ಕಳಚುತ್ತದೆ. ಯಕೃತ್ತು ಇದನ್ನು ಹಳೆಯ ಸರಕೆಂದು ಗುರುತಿಸಿ ತೆಗೆದುಹಾಕುತ್ತದೆ.

ಕೋಣೆಯ ಬಿಸಿ ಪ್ಲೇಟ್‌ಲೆಟ್‌ಗೆ ಒಳ್ಳೆಯದು, ಬ್ಯಾಕ್ಟೀರಿಯಾಕ್ಕೂ ಒಳ್ಳೆಯದೇ. ಸೂಜಿ ಚುಚ್ಚುವಾಗ ದಾನಿಯ ಚರ್ಮದಿಂದ ನಾಲ್ಕಾರು ಬ್ಯಾಕ್ಟೀರಿಯಾ ಚೀಲ ಸೇರಿದರೂ ಸಾಕು. ಅಮೆರಿಕದಲ್ಲಿ 1980ರ ದಶಕದಲ್ಲಿ ಏಳು ದಿನಕ್ಕೆ ಅನುಮತಿ ಕೊಟ್ಟು, ಸೋಂಕಿನ ಭಯದಿಂದ 1986ರಲ್ಲಿ ಮತ್ತೆ ಐದಕ್ಕೆ ಇಳಿಸಿದರು. ಈಗ ಹಲವು ಕಡೆ ಬ್ಯಾಕ್ಟೀರಿಯಾ ಪರೀಕ್ಷೆ ಮಾಡುತ್ತಾರೆ. ಆದರೆ ಚೀಲಕ್ಕೆ ಬಿದ್ದ ಕೂಡಲೇ ಪರೀಕ್ಷಿಸಿದರೆ ಏನೂ ಕಾಣುವುದಿಲ್ಲ. ಅವು ಬೆಳೆಯಲು ಒಂದು ದಿನವಾದರೂ ಕಾಯಬೇಕು. ಆಮೇಲೆ ಫಲಿತಾಂಶಕ್ಕೆ ಕಾಯಬೇಕು, ಸಾಗಿಸಬೇಕು. ದೂರದ ಆಸ್ಪತ್ರೆಯ ಕೈಗೆ ಬರುವ ಹೊತ್ತಿಗೆ ಎರಡೋ ಮೂರೋ ದಿನ ಉಳಿದಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಆಸ್ಪತ್ರೆಯ ಕೈಯಲ್ಲಿ ಪ್ಲೇಟ್‌ಲೆಟ್ ಎರಡು ದಿನ ಬಾಳುತ್ತದೆ ಎಂದುಕೊಳ್ಳಿ. ಆ ಎರಡು ದಿನಕ್ಕೆ ಸರಾಸರಿ ಓ ಗುಂಪಿನ ರೋಗಿಗಳಿಗೆ 9 ಯೂನಿಟ್, ಎ ಗುಂಪಿಗೆ 9, ಬಿ ಗುಂಪಿಗೆ 4, ಎಬಿ ಗುಂಪಿಗೆ 1 ಬೇಕು. ಯಾವ ಗುಂಪಿನವರು ಜಾಸ್ತಿ ಎನ್ನುವುದು ಊರಿಂದ ಊರಿಗೆ ಬೇರೆ, ಇಲ್ಲಿ ಅದು ಮುಖ್ಯವಲ್ಲ. ಸರಾಸರಿಯಷ್ಟೇ ತಂದಿಟ್ಟರೆ ಎಷ್ಟೋ ಸಲ ಕೊರತೆಯಾಗುತ್ತದೆ, ಅಲ್ವಾ? ಹಾಗಾದರೆ ಎಷ್ಟು ಜಾಸ್ತಿ ಇಡಬೇಕು?

ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧವಿಲ್ಲದೆ ಬೇಡಿಕೆ ಬರುವಾಗ ಏರಿಳಿತ ಸುಮಾರು ಸರಾಸರಿಯ ವರ್ಗಮೂಲದಷ್ಟಿರುತ್ತದೆ. ಅದರ ಎರಡು ಪಟ್ಟನ್ನು ಸರಾಸರಿಗೆ ಸೇರಿಸಿ ಇಟ್ಟರೆ, ಕೊರತೆ ನೂರಕ್ಕೆ ಸುಮಾರು ಎರಡು ಸಲ ಮಾತ್ರ. 9ರ ವರ್ಗಮೂಲ 3. ಹಾಗಾಗಿ ಓ ಗುಂಪಿಗೆ 15 ಇಡಬೇಕು. ಎ ಗುಂಪಿಗೂ 15. ಬಿ ಗುಂಪಿಗೆ 8, ಎಬಿಗೆ 3. ನಾಲ್ಕಕ್ಕೂ ಕೊರತೆಯ ಅಪಾಯ ಹೆಚ್ಚುಕಡಿಮೆ ಒಂದೇ. ಎಸೆಯುವ ಪಾಲು ಮಾತ್ರ ಒಂದೇ ಅಲ್ಲ. ಓ ಗುಂಪಿನ 15ರಲ್ಲಿ ಸರಾಸರಿ 6 ಕಸಕ್ಕೆ ಹೋಗುತ್ತದೆ. ಬಿ ಗುಂಪಿನ 8ರಲ್ಲಿ 4, ಅಂದರೆ ಅರ್ಧ. ಎಬಿಯ 3ರಲ್ಲಿ 2. ಯಾರೂ ತಪ್ಪು ಮಾಡಿಲ್ಲ. ಎಲ್ಲಾ ಗುಂಪಿಗೂ ಒಂದೇ ಭರವಸೆ ಕೊಟ್ಟಿದ್ದೇವೆ, ಅಷ್ಟೇ. ಆದರೂ ಸಣ್ಣ ಗುಂಪು ಮೂರರಲ್ಲಿ ಎರಡು ಪಾಲು ಎಸೆಯುತ್ತದೆ. ನಿಜ ಜೀವನದಲ್ಲಿ ದಿನವೂ ಹೊಸ ಯೂನಿಟ್ ಬರುತ್ತಿರುತ್ತದೆ, ಕೊರತೆಯ ಅಪಾಯವನ್ನೂ ಕೆಲವರು ಜಾಸ್ತಿ ಒಪ್ಪಿಕೊಳ್ಳುತ್ತಾರೆ. ಹಾಗಾಗಿ ನಷ್ಟ ಇಷ್ಟಿರುವುದಿಲ್ಲ. ಆದರೆ ಸಣ್ಣ ಗುಂಪಿನ ಪಾಡು ಹೀಗೇ.

ಎಬಿಯ ಆ ಮೂರನೇ ಯೂನಿಟ್ ಬೇಕೇ ಬೇಕಾ? ಎರಡು ದಿನದಲ್ಲಿ ಮೂರು ಅಥವಾ ಹೆಚ್ಚು ಬೇಡಿಕೆ ಬರುವುದು ನೂರಕ್ಕೆ ಎಂಟು ಸಲ. ಅಂದರೆ ಉಳಿದ 92 ಸಲ ಅದು ಕಸದ ಬುಟ್ಟಿಗೆ. ಹಾಗಾಗಿ ಒಂದು ಕೊರತೆಯಿಂದ ಆಗುವ ಹಾನಿ ಒಂದು ಯೂನಿಟ್ ಎಸೆಯುವ ನಷ್ಟಕ್ಕಿಂತ ಹನ್ನೆರಡು ಪಟ್ಟಾದರೂ ದೊಡ್ಡದು ಎನ್ನುವವರು ಅದನ್ನು ಇಡಬೇಕು. ನಾಲ್ಕನೆಯದು ಇಡಲು ಐವತ್ತು ಪಟ್ಟಿಗಿಂತ ಜಾಸ್ತಿ ಎನ್ನಬೇಕು. ಈ ತೂಕದ ಲೆಕ್ಕ ರಕ್ತನಿಧಿಗಳಿಗಿಂತ ಹಳೆಯದು. 1888ರಲ್ಲಿ ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ, ಬ್ಯಾಂಕು ಗಿರಾಕಿಗಳಿಗೆ ಕೊಡಲು ಎಷ್ಟು ನಗದು ಇಟ್ಟುಕೊಳ್ಳಬೇಕು ಎಂದು ಇದೇ ತರ್ಕದಲ್ಲಿ ಯೋಚಿಸಿದ್ದ. ಹಣ ಐದು ದಿನಕ್ಕೆ ಕೊಳೆಯುವುದಿಲ್ಲ, ಆ ಅನುಕೂಲ ಅವನಿಗಿತ್ತು.

ನಾಲ್ಕು ಕಪಾಟಿನ ಬದಲು ಒಂದೇ ಕಪಾಟು ಇದ್ದಿದ್ದರೆ? ಒಟ್ಟು ಬೇಡಿಕೆ 23, ವರ್ಗಮೂಲ ಸುಮಾರು 4.8. 33 ಯೂನಿಟ್ ಸಾಕು. ಬೇರೆಬೇರೆಯಾಗಿ ಇಟ್ಟರೆ 41 ಬೇಕಾಗಿತ್ತು. ಎಸೆಯುವುದು 18ರಿಂದ 10ಕ್ಕೆ ಇಳಿಯುತ್ತದೆ. ಒಂದು ಗುಂಪಿನ ಬೇಡಿಕೆ ಏರಿದಾಗ ಎಷ್ಟೋ ಸಲ ಇನ್ನೊಂದರದು ಇಳಿದಿರುತ್ತದೆ, ಲಾಭ ಬರುವುದು ಅದರಿಂದಲೇ.

ಹಾಗೆ ಪೂರ್ತಿ ಕೂಡಿಸಲು ಗುಂಪುಗಳು ಬಿಡುವುದಿಲ್ಲ. ಸ್ವಲ್ಪ ಮಟ್ಟಿಗೆ ಬಿಡುತ್ತವೆ. ಕೆಂಪು ಕಣ ಕೊಡುವಾಗ, ಈ ನಾಲ್ಕು ಗುಂಪುಗಳ ಮಟ್ಟಿಗೆ, ಓ ಎಲ್ಲರಿಗೂ ಹೊಂದುತ್ತದೆ. ಪ್ಲೇಟ್‌ಲೆಟ್ ಪ್ಲಾಸ್ಮಾದಲ್ಲಿ ತೇಲುತ್ತಾ ಬರುತ್ತದೆ, ಅಲ್ಲಿ ನಿಯಮ ತಿರುವುಮುರುವು. ಓ ದಾನಿಯ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯ ಇರುತ್ತದೆ. ಅದು ಜಾಸ್ತಿ ಇದ್ದರೆ ಎ ಗುಂಪಿನ ರೋಗಿಯ ಕೆಂಪು ಕಣಗಳು ಒಡೆಯಬಹುದು. ಆದರೆ ಎಲ್ಲಾ ದಾನಿಗಳಲ್ಲೂ ಜಾಸ್ತಿ ಇರುವುದಿಲ್ಲ, ಅದನ್ನು ಅಳೆಯಲು ಬರುತ್ತದೆ. ಪ್ಲಾಸ್ಮಾದ ದೊಡ್ಡ ಪಾಲನ್ನು ತೆಗೆದು ಬೇರೆ ದ್ರಾವಣ ತುಂಬುವ ಪದ್ಧತಿಯೂ ಇದೆ. ಅಪರೂಪದ ಎಬಿ ರೋಗಿಗೆ ಎ ಗುಂಪಿನ ಪ್ಲೇಟ್‌ಲೆಟ್ ಕೊಡುವುದು ಹಲವು ಕಡೆ ರೂಢಿ. ನಮ್ಮ ಲೆಕ್ಕದಲ್ಲಿ ಎ ಮತ್ತು ಎಬಿ ಸೇರಿಸಿದರೆ ಬೇಡಿಕೆ 10. ಅದಕ್ಕೆ 16 ಅಥವಾ 17 ಸಾಕು. ಬೇರೆಬೇರೆ ಇಟ್ಟಿದ್ದರೆ 18 ಬೇಕಿತ್ತು. ಎಬಿ ಕಪಾಟನ್ನು ಸುಮ್ನೆ ಖಾಲಿ ಇಡಬಹುದು, ಸಾಮಾನ್ಯವಾಗಿ ರೋಗಿಗೆ ತೊಂದರೆಯಿಲ್ಲ.

ಹಾಗಾಗಿ ಎಸೆದ ಯೂನಿಟ್ ಎಷ್ಟು ಎಂದು ಮಾತ್ರ ಕೇಳುವುದು ಸಾಲದು. ಜೊತೆಗೇ ಇನ್ನೆರಡು ಸಂಖ್ಯೆ ಬೇಕು. ಕೇಳಿದ ದಿನ ಸಿಗದೆ ಮುಂದೂಡಿದ್ದು ಎಷ್ಟು, ಬೇರೆ ಗುಂಪಿನದು ಕೊಟ್ಟದ್ದು ಎಷ್ಟು? ಎಸೆದದ್ದು ಇಳಿದು ಈ ಎರಡೂ ಏರಿದ್ದರೆ, ನಷ್ಟ ಕಸದ ಬುಟ್ಟಿಯಿಂದ ರೋಗಿಯ ಕಡೆಗೆ ಸರಿದಿದೆ, ಅಷ್ಟೇ. ನಿಜವಾದ ಬೇಜವಾಬ್ದಾರಿಯೂ ಇದೆ, ಅದು ಬೇರೆ ಕಡೆ. ಅತ್ತ ಹಳೆಯದು ಇರುವಾಗ ಇತ್ತ ಹೊಸದನ್ನು ಕೊಡುವುದು. ಬೇಕಾಗಬಹುದು ಎಂದು ವಾರ್ಡಿಗೆ ತರಿಸಿ, ಒಳ್ಳೆಯ ಮನಸ್ಸಿನಿಂದ ಫ್ರಿಜ್‌ನಲ್ಲಿಟ್ಟುಬಿಡುವುದು. ದುರಂತದ ಸುದ್ದಿ ಕೇಳಿ ಜನ ಒಂದೇ ದಿನ ಸಾಲುಗಟ್ಟಿದಾಗ ಅವರೆಲ್ಲರ ಪ್ಲೇಟ್‌ಲೆಟ್ ಅಂದೇ ತಯಾರಿಸಿದರೆ, ಐದನೇ ದಿನ ಎಲ್ಲವೂ ಒಟ್ಟಿಗೇ ಮುಗಿಯುತ್ತದೆ. ಆರನೇ ದಿನದ ರೋಗಿಗೆ ಅವುಗಳಲ್ಲಿ ಒಂದೂ ಇಲ್ಲ.

ಇತ್ತೀಚೆಗೆ ಫ್ರಿಜ್ ಮತ್ತೆ ಬಂದಿದೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮಾಮೂಲಿ ಪ್ಲೇಟ್‌ಲೆಟ್ ಸಿಗದಾಗ ರಕ್ತ ಸುರಿಯುತ್ತಿರುವವರಿಗಾಗಿ ತಣ್ಣಗಿಟ್ಟ ಪ್ಲೇಟ್‌ಲೆಟ್ಟನ್ನು 14 ದಿನದವರೆಗೆ ಬಳಸಬಹುದು ಎಂದಿತು. ಗಾಯ ಮುಚ್ಚಲು ಅದು ಕೆಲವು ಗಂಟೆ ಓಡಾಡಿದರೂ ಸಾಕು. ಕೈಯಲ್ಲಿ 12 ದಿನ ಸಿಕ್ಕರೆ ಎಬಿಯ ಬೇಡಿಕೆ 1ರ ಬದಲು 6 ಆಗುತ್ತದೆ. 11 ಇಟ್ಟರೆ ಅದೇ ಭರವಸೆ, ಎಸೆಯುವುದು 5. ಮೂರರಲ್ಲಿ ಎರಡು ಪಾಲು ಹೋಗುತ್ತಿದ್ದದ್ದು ಅರ್ಧಕ್ಕಿಂತ ಕೆಳಗೆ ಬಂತು. ಆದರೆ ರಕ್ತಸ್ರಾವ ಆಗದಿರಲಿ ಎಂದು ಮುಂಜಾಗ್ರತೆಗೆ ಪ್ಲೇಟ್‌ಲೆಟ್ ಪಡೆಯುವ ರಕ್ತದ ಕ್ಯಾನ್ಸರ್ ರೋಗಿಗಳಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಅವರಿಗೆ ದಿನಗಟ್ಟಲೆ ಓಡಾಡುವ, ಐದು ದಿನದ ಪ್ಲೇಟ್‌ಲೆಟ್ಟೇ ಬೇಕು. ಬೇಡಿಕೆಯ ದೊಡ್ಡ ಪಾಲು ಅವರದೇ.