ವಿಲನೆಲ್: ಅದೇ ಸಾಲು, ಬೇರೆ ವಾಕ್ಯ

ಕಾವ್ಯ ಕಮ್ಮಟಗಳಲ್ಲಿ ವಿಲನೆಲ್ ಬರೆಯಲು ಹೊರಟವರು ಮೊದಲು ಕಲಿಯುವುದು ಅದರ ಲೆಕ್ಕವನ್ನು. ಒಟ್ಟು 19 ಸಾಲು. ಮೂರು ಸಾಲಿನ ಐದು ಪದ್ಯ, ಕೊನೆಗೆ ನಾಲ್ಕು ಸಾಲಿನ ಒಂದು. ಇಡೀ ಕವಿತೆಗೆ ಎರಡೇ ಅಂತ್ಯಪ್ರಾಸ. ಕವಿತೆಯ ಮೊದಲ ಸಾಲು 6, 12 ಮತ್ತು 18ನೆಯ ಸಾಲಾಗಿ ಮರಳುತ್ತದೆ. ಮೂರನೆಯ ಸಾಲು 9, 15 ಮತ್ತು 19ನೆಯ ಸಾಲಾಗಿ. ಅಂದರೆ ಹತ್ತೊಂಬತ್ತರಲ್ಲಿ ಎಂಟು ಸಾಲುಗಳನ್ನು ಆ ಎರಡೇ ಆಕ್ರಮಿಸುತ್ತವೆ. ಉಳಿದ ಹನ್ನೊಂದು ಸಾಲುಗಳಲ್ಲಿ ಕವಿ ಏನು ಮಾಡುತ್ತಾನೆ ಎಂಬುದರ ಮೇಲೆ ಆ ಎಂಟರ ಅರ್ಥ ನಿಂತಿದೆ. ಲೆಕ್ಕ ತಪ್ಪದ, ಆದರೆ ನಾಲ್ಕು ಸಲವೂ ಒಂದೇ ಮಾತನ್ನು ಹೇಳಿ ಸುಮ್ಮನಾಗುವ ವಿಲನೆಲ್‌ಗಳನ್ನು ನಾನು ಬೇಕಾದಷ್ಟು ಓದಿದ್ದೇನೆ.

ಮರಳುವ ಸಾಲು ಹೊಸ ಅರ್ಥ ಪಡೆಯುವುದಕ್ಕೆ ಭಾವದ ತೀವ್ರತೆಯೇ ಕಾರಣ ಎಂದು ಸಾಮಾನ್ಯವಾಗಿ ಹೇಳುವುದುಂಟು. ನನ್ನ ಮಟ್ಟಿಗೆ ಅದು ಮೊದಲು ವ್ಯಾಕರಣದ ಕೆಲಸ. 1951ರಲ್ಲಿ ಪ್ರಕಟವಾದ ಡಿಲನ್ ಥಾಮಸ್‌ನ ಪ್ರಸಿದ್ಧ ವಿಲನೆಲ್ ಇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನ. ಅದರ ಮೊದಲ ಸಾಲು, ಆ ರಾತ್ರಿಯೊಳಕ್ಕೆ ಮೆತ್ತಗೆ ಹೋಗಬೇಡ ಎನ್ನುತ್ತದೆ. ಮೂರನೆಯದು, ಬೆಳಕು ಸಾಯುವುದರ ವಿರುದ್ಧ ಸಿಡಿದೇಳು ಎನ್ನುತ್ತದೆ. ಮೊದಲ ಪದ್ಯದಲ್ಲಿ ಎರಡೂ ಆಜ್ಞೆಗಳು. ಆದರೆ ಆಜ್ಞೆ ಯಾರಿಗೆ ಎಂಬುದನ್ನು ಕವಿ ತಿಳಿಸುವುದಿಲ್ಲ. ನಡುವಿನ ಸಾಲು ಮುಪ್ಪಿನ ಕುರಿತ ಸಾಮಾನ್ಯ ಮಾತಾದ್ದರಿಂದ, ಇದು ವಯಸ್ಸಾದವರೆಲ್ಲರಿಗೂ ಹೇಳಿದ ಬುದ್ಧಿಮಾತಿನಂತೆ ಕೇಳಿಸುತ್ತದೆ.

ಎರಡನೆಯ ಪದ್ಯದಲ್ಲಿ ವಾಕ್ಯ ಬದಲಾಗುತ್ತದೆ. ಕತ್ತಲೆಯೇ ಸರಿ ಎಂದು ಕೊನೆಗಾಲದಲ್ಲಿ ತಿಳಿದಿದ್ದರೂ, ತಮ್ಮ ಮಾತಿನಿಂದ ಒಂದು ಮಿಂಚೂ ಕವಲೊಡೆಯಲಿಲ್ಲವಾದ್ದರಿಂದ ಜ್ಞಾನಿಗಳು, ಎಂದು ಶುರುವಾದ ಮಾತು 'ಅವರು' ಎಂಬ ಸರ್ವನಾಮದ ಮೇಲೆ ಐದನೆಯ ಸಾಲನ್ನು ಮುರಿಯುತ್ತದೆ. ಆರನೆಯ ಸಾಲಾಗಿ ಹಳೆಯ ಆಜ್ಞೆಯೇ ಬರುತ್ತದೆ, ಒಂದು ಅಕ್ಷರವೂ ವ್ಯತ್ಯಾಸವಿಲ್ಲದೆ. ಆದರೆ ಈಗ ಅದಕ್ಕೆ ಕರ್ತೃಪದ ಸಿಕ್ಕಿರುವುದರಿಂದ ಅದು ಆಜ್ಞೆಯಲ್ಲ, ಅವರು ಮೆತ್ತಗೆ ಹೋಗುವುದಿಲ್ಲ ಎಂಬ ವರದಿ. ಇಂಗ್ಲಿಷಿನಲ್ಲಿ ಬಹುವಚನದ ಕ್ರಿಯಾಪದಕ್ಕೂ ವಿಧ್ಯರ್ಥಕ್ಕೂ ರೂಪ ಒಂದೇ ಇರುವುದರಿಂದ ಇದು ಸಾಧ್ಯವಾಯಿತು. ಮೂರನೆಯ ಪದ್ಯದಲ್ಲಿ ಸಜ್ಜನರು ಬರುತ್ತಾರೆ, ಆದರೆ ಅಲ್ಲಿ 'ಅವರು' ಎಂಬ ಊರೆಗೋಲು ಇಲ್ಲ. ಹಾಗಾಗಿ ಸಜ್ಜನರು ಸಿಡಿದೇಳುತ್ತಾರೆ ಎಂದೂ ಓದಬಹುದು, ಸಜ್ಜನರೇ ಸಿಡಿದೇಳಿ ಎಂದೂ ಕೇಳಬಹುದು. ವರದಿಯೊಳಗೆ ಹಳೆಯ ಆಜ್ಞೆಯ ದನಿ ಅಡಗಿ ಕೂತಿರುತ್ತದೆ. ನಾಲ್ಕು ಬಗೆಯ ಜನರನ್ನು ಹೀಗೆ ದಾಟಿ ಬಂದಮೇಲೆ, 16ನೆಯ ಸಾಲಿನಲ್ಲಿ ಮೊದಲ ಬಾರಿಗೆ ಆಜ್ಞೆಗೆ ಒಡೆಯ ಸಿಗುತ್ತಾನೆ: ನನ್ನ ತಂದೆಯೇ, ನೀನು. ಅದರ ಮುಂದಿನ ಸಾಲಿನಲ್ಲೇ ಬೇಡಿಕೊಳ್ಳುತ್ತೇನೆ ಎಂಬ ಮಾತಿದೆ. ಆದ್ದರಿಂದ 18 ಮತ್ತು 19ನೆಯ ಸಾಲುಗಳು ವ್ಯಾಕರಣದಲ್ಲಿ ಮತ್ತೆ ಆಜ್ಞೆಗಳೇ ಆದರೂ, ಅರ್ಥದಲ್ಲಿ ಮಗನೊಬ್ಬನ ಅಂಗಲಾಚುವಿಕೆ. ಉಪದೇಶವೆಂದು ನಾವು ಕೇಳಿದ್ದ ಮೊದಲ ಪದ್ಯವೂ ಆ ಕ್ಷಣದಲ್ಲಿ ಬದಲಾಗಿಬಿಡುತ್ತದೆ. ನಡುವಿನ ನಾಲ್ಕು ಪದ್ಯಗಳು ತಂದೆಯ ಮುಂದಿಟ್ಟ ದೃಷ್ಟಾಂತಗಳಾಗಿ ಹಿಂದಿರುಗಿ ಕಾಣುತ್ತವೆ.

ಇದಕ್ಕೆ ತೀರಾ ಭಿನ್ನವಾದ ದಾರಿ ಎಲಿಜಬೆತ್ ಬಿಷಪ್‌ಳದು. ಕಳೆದುಕೊಳ್ಳುವ ಕಲೆಯನ್ನು ಕುರಿತ, 1976ರಲ್ಲಿ ಪ್ರಕಟವಾದ ಆಕೆಯ ವಿಲನೆಲ್‌ನಲ್ಲಿ ಎರಡನೆಯ ಪಲ್ಲವಿ ಇಡಿಯಾಗಿ ಮರಳುವುದೇ ಇಲ್ಲ. 'ಅನಾಹುತ' ಎಂಬ ಅರ್ಥದ ಕೊನೆಯ ಪದವೊಂದೇ ಸ್ಥಿರ. ಅದರ ಹಿಂದಿನ ಮಾತು ಪ್ರತಿ ಸಲವೂ ಬೇರೆ. ಬೀಗದ ಕೈ, ತಾಯಿಯ ಗಡಿಯಾರ, ಮನೆಗಳು, ನಗರಗಳು ಎಂದು ಕಳೆದುಕೊಂಡದ್ದರ ಗಾತ್ರ ಹಿಗ್ಗುತ್ತ ಹೋದಂತೆ, ಇದು ಅನಾಹುತವೇನಲ್ಲ ಎಂಬ ಸಮಾಧಾನದ ಮೇಲೆ ನಮಗಿದ್ದ ನಂಬಿಕೆ ಕುಗ್ಗುತ್ತ ಬರುತ್ತದೆ. ಸಾಲಿಗೆ ಸಡಿಲ ಬಿಡುವುದು ಸುಲಭದ ದಾರಿ ಎಂದು ತೋರಬಹುದು. ಆದರೆ ಬಿಷಪ್ ಸಡಿಲ ಬಿಟ್ಟದ್ದು ಒಂದನ್ನು ಮಾತ್ರ, ಇನ್ನೊಂದನ್ನು ಬಹುಪಾಲು ಬಿಗಿಯಾಗಿಯೇ ಹಿಡಿದಿದ್ದಾಳೆ. ಎರಡನ್ನೂ ಸಡಿಲಿಸಿದರೆ ಮರಳಿ ಬಂದದ್ದು ಯಾವುದು ಎಂಬುದೇ ಓದುಗನಿಗೆ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ವಿಲನೆಲ್ ಬರೆಯುವವರಿಗೆ ಥಾಮಸ್‌ನ ಉಪಾಯ ನೇರವಾಗಿ ದಕ್ಕುವುದಿಲ್ಲ. 'ಹೋಗಬೇಡಿ' ಮತ್ತು 'ಹೋಗುವುದಿಲ್ಲ' ಎಂಬ ರೂಪಗಳು ನಮ್ಮಲ್ಲಿ ಎಂದೂ ಒಂದಾಗವು. ಆದರೆ ಕನ್ನಡಕ್ಕೆ ಅದರದೇ ಒಂದು ಸಂದಿ ಇದೆ. ಮುಚ್ಚು, ಹೇಳು, ಆರಿಸು ಮುಂತಾದ ಅನೇಕ ಧಾತುಗಳಲ್ಲಿ ಮರ್ಯಾದೆಯ ವಿಧಿರೂಪವೂ, ಕ್ರಿಯೆ ಮುಗಿದದ್ದನ್ನು ಹೇಳುವ ಕೃದಂತವೂ ಒಂದೇ ಆಗಿರುತ್ತವೆ. 'ಬಾಗಿಲು ಮುಚ್ಚಿ' ಎಂದರೆ ದಯವಿಟ್ಟು ಮುಚ್ಚಿ ಎಂದೂ ಆಗುತ್ತದೆ, ಮುಚ್ಚಿದ ಮೇಲೆ ಎಂದೂ ಆಗುತ್ತದೆ. ಕೊಡು, ತೆರೆ ಮುಂತಾದವುಗಳಲ್ಲಿ ಈ ಅನುಕೂಲವಿಲ್ಲ. ಇದನ್ನು ತೋರಿಸಲೆಂದು ಕಮ್ಮಟಕ್ಕಾಗಿ ನಾನೇ ಕಟ್ಟಿದ ಸಾಲುಗಳು ಇವು. ಕವಿತೆ ಹೀಗೆ ತೊಡಗುತ್ತದೆ:

ಬಾಗಿಲು ಮುಚ್ಚಿ, ದೀಪವನು ಆರಿಸಿ;
ನಾಳೆಯ ಮಾತನು ನಾಳೆಗೆ ಬಿಡಿ

ಮನೆ ತುಂಬ ನೆಂಟರಿರುವ ರಾತ್ರಿ, ಯಾರೋ ಹಿರಿಯರು ಹೇಳಿದ ಮಾತು. ಅದಕ್ಕಿಂತ ಹೆಚ್ಚಿನದೇನೂ ಇಲ್ಲಿ ಇಲ್ಲ, ಇರಲೂ ಬಾರದು. ಎರಡನೆಯ ಪದ್ಯ:

ಅವ್ವ ಕೂರುವಳು, ಎಲ್ಲರಿಗೂ ಉಣಿಸಿ,
ಕಂಬಕೆ ಒರಗಿ ಇರುಳಿಡೀ,
ಬಾಗಿಲು ಮುಚ್ಚಿ, ದೀಪವನು ಆರಿಸಿ.

ಇಲ್ಲಿ ಯಾರೂ ಯಾರಿಗೂ ಏನೂ ಹೇಳುತ್ತಿಲ್ಲ. 'ಉಣಿಸಿ', 'ಒರಗಿ' ಎಂಬ ಕೃದಂತಗಳ ಸಾಲಿನಲ್ಲಿ ಪಲ್ಲವಿಯೂ ಕೃದಂತವಾಗಿ ಸೇರಿಕೊಂಡು, ಆಜ್ಞೆಯನ್ನು ಪಾಲಿಸಿದವಳು ಯಾರು ಎಂಬುದನ್ನು ತಿಳಿಸುತ್ತದೆ. ಕೊನೆಯ ಪದ್ಯಕ್ಕೆ ಬರುವ ಹೊತ್ತಿಗೆ ಅವ್ವ ತೀರಿಕೊಂಡಿದ್ದಾಳೆ. ಅವಳನ್ನು ಮಲಗಿಸಿದ್ದ ಜಾಗದಲ್ಲಿ ಹಣತೆ ಉರಿಯುತ್ತಿದೆ. ಆಗ 18ನೆಯ ಸಾಲಾಗಿ ಅದೇ ಮಾತು ವಿಧಿರೂಪದಲ್ಲಿ ಮರಳಿದರೆ, ಅದು ಪಾಲಿಸಲಾಗದ ಆಜ್ಞೆ. ದೀಪ ಆರಿಸು ಎಂದು ಬಾಯಿಬಿಟ್ಟು ಹೇಳುವುದಕ್ಕೇ ಹಿಂಜರಿಯುವ ಮನೆಗಳು ನಮ್ಮಲ್ಲಿರುವುದರಿಂದ, ಆ ಸಾಲಿಗೆ ಬೀಳುವ ಭಾರವನ್ನು ಕವಿ ವಿವರಿಸಬೇಕಾಗಿಲ್ಲ.

ದಾಸರ ಪದಗಳನ್ನು ಕೇಳಿ ಬೆಳೆದವರಿಗೆ ಇದು ಪೂರ್ತಿ ಹೊಸದೇನಲ್ಲ. ಪುರಂದರದಾಸರ 'ಜಗದೋದ್ಧಾರನ ಆಡಿಸಿದಳೆಶೋದೆ'ಯಲ್ಲಿ ಚರಣಗಳು ಹೊಸ ಹೊಸ ದ್ವಿತೀಯಾ ವಿಭಕ್ತಿಯ ಪದಗಳನ್ನು ತಂದುಕೊಟ್ಟು, 'ಆಡಿಸಿದಳು' ಎಂಬ ಕ್ರಿಯಾಪದದಲ್ಲಿ ಪ್ರತಿ ಸಲವೂ ಪೂರ್ಣಗೊಳ್ಳುತ್ತವೆ. ವ್ಯತ್ಯಾಸವಿಷ್ಟೇ: ಕೀರ್ತನೆಯಲ್ಲಿ ಪಲ್ಲವಿಯ ಅರ್ಥ ತುಂಬಿಕೊಳ್ಳುತ್ತ ಹೋಗುತ್ತದೆ, ಒಳ್ಳೆಯ ವಿಲನೆಲ್‌ನಲ್ಲಿ ಅದು ಒಮ್ಮೆಯಾದರೂ ಮಗ್ಗುಲು ಬದಲಿಸಬೇಕು.

ಕಮ್ಮಟದಲ್ಲಿ ಸೋಲುವ ವಿಲನೆಲ್‌ಗಳು ಹೆಚ್ಚಾಗಿ ಪಲ್ಲವಿಯ ಆಯ್ಕೆಯಲ್ಲೇ ಸೋತಿರುತ್ತವೆ. ಗಾದೆಯಂತೆ ತನ್ನಷ್ಟಕ್ಕೆ ಮುಗಿದ ಸಾಲನ್ನು ಆರಿಸಿಕೊಂಡರೆ, ಸುತ್ತಲಿನ ವಾಕ್ಯಕ್ಕೆ ಅದರೊಳಗೆ ಪ್ರವೇಶವೇ ಇರುವುದಿಲ್ಲ. ಪ್ರಾಸದ ವಿಷಯದಲ್ಲಿ ನಮಗೆ ತೊಂದರೆ ಕಡಿಮೆ, ಪ್ರತ್ಯಯಗಳೇ ಬೇಕಾದಷ್ಟು ಪ್ರಾಸ ಒದಗಿಸುತ್ತವೆ. ಆ ಸಲೀಸಿನಿಂದಲೇ ನಡುವಿನ ಸಾಲುಗಳು ಜಾಳಾಗುವುದೂ ಉಂಟು. ಕರಡು ಸಿದ್ಧವಾದ ಮೇಲೆ ನಾನು ಮಾಡಿಸುವ ಪರೀಕ್ಷೆ ಒಂದೇ. ಎರಡರಿಂದ ಐದನೆಯವರೆಗಿನ ಪದ್ಯಗಳಲ್ಲಿ ಪಲ್ಲವಿಯನ್ನು ಕೈಯಿಂದ ಮುಚ್ಚಿ, ಮೇಲಿನ ಎರಡು ಸಾಲುಗಳನ್ನು ಮಾತ್ರ ಗಟ್ಟಿಯಾಗಿ ಓದಬೇಕು. ಆ ಎರಡು ಸಾಲು ನಾಲ್ಕು ಪದ್ಯಗಳಲ್ಲೂ ಯಾವ ಕೊರತೆಯೂ ಇಲ್ಲದೆ ಮುಗಿದುಬಿಟ್ಟರೆ, ಪಲ್ಲವಿ ಅಲ್ಲಿ ನಿಯಮಕ್ಕಾಗಿ ಬಂದು ಕೂತಿದೆ ಎಂದೇ ತಿಳಿಯಬೇಕು. ಆಗ ತಿದ್ದಬೇಕಾದದ್ದು ಪಲ್ಲವಿಯನ್ನಲ್ಲ. ಅದರ ಮೇಲಿನ ಸಾಲಿನ ಪೂರ್ಣವಿರಾಮವನ್ನು ಕಿತ್ತು, ವಾಕ್ಯವನ್ನು ಅದರೊಳಕ್ಕೆ ಹರಿಯಬಿಡಬೇಕು.