ಮಧ್ಯಂತರ ಒತ್ತಡ ಅಂದರೆ ಸರಾಸರಿ ಒತ್ತಡ ಅಲ್ಲ

ಡಿಪ್ಲೊಮಾ ನೋಟ್ಸ್ ಒಂದರಲ್ಲಿ ಈಚೆಗೆ ಮತ್ತೆ ಇದೇ ತಪ್ಪು ಕಣ್ಣಿಗೆ ಬಿತ್ತು. ಎರಡು ಹಂತದ ಏರ್ ಕಂಪ್ರೆಸರ್, ಶುರುವಿನ ಒತ್ತಡ 1 ಬಾರ್, ಕೊನೆಯ ಒತ್ತಡ 9 ಬಾರ್. ಮಧ್ಯಂತರ ಒತ್ತಡ ಎಷ್ಟಿರಬೇಕು? ಎರಡನ್ನೂ ಕೂಡಿಸಿ ಅರ್ಧ ಮಾಡಿ 5 ಬಾರ್ ಅಂತ ಬರೆದಿದ್ದಾರೆ. ಹೆಸರಿನಲ್ಲಿ ‘ಮಧ್ಯ’ ಇದೆ ಅಂತ ಸಂಖ್ಯೆಗಳ ನಟ್ಟನಡುವೆ ಹೋಗಿ ನಿಂತರೆ ಆಗೋದೇ ಹೀಗೆ. ಸರಿಯಾದ ಉತ್ತರ 3 ಬಾರ್. ಸೂತ್ರ ಬಹಳ ಜನಕ್ಕೆ ಬಾಯಿಪಾಠ ಇರುತ್ತದೆ, ಅದು ಯಾಕೆ ಹಾಗಿದೆ ಅನ್ನೋದು ಮಾತ್ರ ಗೊತ್ತಿರುವುದಿಲ್ಲ. ಹಾಗಾಗಿ ಪರೀಕ್ಷೆ ಮುಗಿದ ಮರುದಿನ ಸರಾಸರಿಗೆ ವಾಪಸ್ ಬಂದುಬಿಡುತ್ತಾರೆ.

ಮೊದಲ ಸಿಲಿಂಡರ್ ಗಾಳಿಯನ್ನು ಸ್ವಲ್ಪ ಒತ್ತುತ್ತದೆ. ಬಿಸಿಯಾದ ಗಾಳಿ ಇಂಟರ್‌ಕೂಲರ್ ಮೂಲಕ ಹೋಗಿ ತಣ್ಣಗಾಗುತ್ತದೆ. ಎರಡನೇ ಸಿಲಿಂಡರ್ ಉಳಿದ ಒತ್ತಡ ಕೊಟ್ಟು ಟ್ಯಾಂಕಿಗೆ ಕಳಿಸುತ್ತದೆ. ಇಂಟರ್‌ಕೂಲರ್‌ನಲ್ಲಿ ಗಾಳಿ ಯಾವ ಒತ್ತಡದಲ್ಲಿ ಇರುತ್ತದೋ ಅದೇ ಮಧ್ಯಂತರ ಒತ್ತಡ. ಇಷ್ಟು ನಿಮಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಒತ್ತುವ ಕೆಲಸ ಒತ್ತಡದ ವ್ಯತ್ಯಾಸವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಒತ್ತಡ ಎಷ್ಟು ಪಟ್ಟು ಏರಿತು ಅನ್ನೋದನ್ನು ಮಾತ್ರ ನೋಡುತ್ತದೆ. ಒಂದೇ ತಾಪಮಾನದ ಒಂದು ಕೆ.ಜಿ. ಗಾಳಿಯನ್ನು 1 ಬಾರ್‌ನಿಂದ 2ಕ್ಕೆ ಏರಿಸುವುದಕ್ಕೂ 4ರಿಂದ 8ಕ್ಕೆ ಏರಿಸುವುದಕ್ಕೂ ಬೇಕಾದ ಕೆಲಸ ಒಂದೇ, ಯಾಕೆಂದರೆ ಎರಡೂ ಕಡೆ ಏರಿದ್ದು ಎರಡು ಪಟ್ಟು. ಈಗ ಆ 5 ಬಾರ್ ನೋಡಿ. 1ರಿಂದ 5ಕ್ಕೆ ಅಂದರೆ ಐದು ಪಟ್ಟು. 5ರಿಂದ 9ಕ್ಕೆ ಅಂದರೆ ಎರಡು ಪಟ್ಟೂ ಇಲ್ಲ, ಬರೀ 1.8. ಸಮನಾಗಿ ಹಂಚಿದೆವು ಅಂದುಕೊಂಡು ಮೊದಲ ಸಿಲಿಂಡರ್ ಮೇಲೆ ಎಲ್ಲ ಭಾರ ಹೇರಿದ್ದಾಯಿತು. 3 ಬಾರ್ ಇಟ್ಟರೆ 1ರಿಂದ 3 ಮೂರು ಪಟ್ಟು, 3ರಿಂದ 9 ಮೂರು ಪಟ್ಟು. ಇದು ನಿಜವಾದ ಸಮಪಾಲು.

ಸಮಪಾಲಿನಲ್ಲೇ ಒಟ್ಟು ಕೆಲಸ ಯಾಕೆ ಕಡಿಮೆ ಅಂದರೆ, ಎರಡು ಹಂತದ ಪಟ್ಟುಗಳನ್ನು ಗುಣಿಸಿದರೆ ಯಾವಾಗಲೂ 9 ಬರಲೇಬೇಕು. ಗುಣಲಬ್ಧ ಬದಲಾಗದ ಎರಡು ಸಂಖ್ಯೆಗಳ ಮೊತ್ತ ಅತಿ ಕಡಿಮೆ ಆಗೋದು ಎರಡೂ ಸಮ ಇದ್ದಾಗ. 36 ತೆಗೆದುಕೊಳ್ಳಿ: 3 ಮತ್ತು 12 ಕೂಡಿದರೆ 15, 4 ಮತ್ತು 9 ಕೂಡಿದರೆ 13, 6 ಮತ್ತು 6 ಕೂಡಿದರೆ 12. ಕಂಪ್ರೆಸರ್‌ನಲ್ಲಿ ಪಟ್ಟಿನ ಮೇಲೆ ಒಂದು ಘಾತ ಇರುತ್ತದೆ ಅಷ್ಟೇ, ತರ್ಕ ಬದಲಾಗುವುದಿಲ್ಲ. ಅಲ್ಲಿಂದಲೇ ಈ ಸೂತ್ರ ಬಂದಿದ್ದು:

p₂ = √(p₁ × p₃)

ಇಲ್ಲಿ p₁ ಶುರುವಿನ ಒತ್ತಡ, p₃ ಕೊನೆಯದು. ಇಲ್ಲಿ ಇನ್ನೊಂದು ತಪ್ಪು ಕಾದಿರುತ್ತದೆ. ಇವು ನಿರ್ವಾತವನ್ನು ಸೊನ್ನೆ ಅಂತಿಟ್ಟು ಅಳೆಯುವ ನಿರಪೇಕ್ಷ ಒತ್ತಡಗಳು, ಗೇಜ್ ತೋರಿಸುವ ಅಂಕಿಗಳಲ್ಲ. ಗೇಜ್ ಅಂಕಿಯನ್ನೇ ಹಾಕಿದರೆ ಹೊರಗಿನ ಗಾಳಿ ಸೊನ್ನೆ, ಸೊನ್ನೆಯನ್ನು ಯಾವುದಕ್ಕೆ ಗುಣಿಸಿದರೂ ಸೊನ್ನೆ, ಅಂದರೆ ಮಧ್ಯಂತರ ಒತ್ತಡ ಸೊನ್ನೆ ಅಂತ ಉತ್ತರ ಬರುತ್ತದೆ. ಇಷ್ಟು ಅಸಂಬದ್ಧ ಉತ್ತರ ಬಂದರೆ ಒಳ್ಳೆಯದೇ, ತಪ್ಪಾಗಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಒಂದನ್ನು ಗೇಜ್‌ನಲ್ಲಿ, ಇನ್ನೊಂದನ್ನು ನಿರಪೇಕ್ಷದಲ್ಲಿ ಹಾಕುವವರದ್ದೇ ಕಷ್ಟ, ಅವರಿಗೆ ನಂಬುವಂಥ ತಪ್ಪು ಉತ್ತರ ಸಿಗುತ್ತದೆ. ನಮ್ಮ ಉದಾಹರಣೆಯ 9 ಬಾರ್ ಅಂದರೆ ಟ್ಯಾಂಕ್ ಗೇಜ್‌ನಲ್ಲಿ 8. 3 ಬಾರ್ ಅಂದರೆ ಇಂಟರ್‌ಕೂಲರ್ ಗೇಜ್‌ನಲ್ಲಿ 2. ಬೆಂಗಳೂರಿನ ಎತ್ತರದಲ್ಲಿ ಹೊರಗಿನ ಒತ್ತಡವೇ ಸುಮಾರು 0.91 ಬಾರ್, ಅದನ್ನು ಹಾಕಿ ಲೆಕ್ಕ ಮಾಡಿದರೆ ಗೇಜ್‌ನಲ್ಲಿ 1.94 ಬರುತ್ತದೆ. ಮಂಗಳೂರಿಗೂ ಬೆಂಗಳೂರಿಗೂ ಇರುವ ವ್ಯತ್ಯಾಸ ಇಷ್ಟು ಸಣ್ಣದು, ಆದರೆ ಗೇಜ್ ಮತ್ತು ನಿರಪೇಕ್ಷ ಬೆರೆಸಿದರೆ ಆಗುವ ವ್ಯತ್ಯಾಸ ಸಣ್ಣದಲ್ಲ.

ಈಗ ನಿಜಕ್ಕೂ ಎಷ್ಟು ಉಳಿಯುತ್ತದೆ ನೋಡೋಣ. ಒಂದು ಕೆ.ಜಿ. ಗಾಳಿ, ಒಳಬರುವಾಗ 27 ಡಿಗ್ರಿ, ಅಂದರೆ 300 ಕೆಲ್ವಿನ್. ಒತ್ತುವಾಗ ಗಾಳಿ ಎಷ್ಟು ಬಿಸಿಯಾಗುತ್ತದೆ ಅನ್ನೋದನ್ನು ಹೇಳುವ ಪಾಲಿಟ್ರಾಪಿಕ್ ಘಾತ 1.3 ಇಟ್ಟುಕೊಳ್ಳಿ. ಒಂದೇ ಹಂತದಲ್ಲಿ 9 ಬಾರ್‌ಗೆ ಏರಿಸಿದರೆ ಸುಮಾರು 246 ಕಿಲೋಜೂಲ್ ಬೇಕು, ಹೊರಬರುವ ಗಾಳಿ 225 ಡಿಗ್ರಿ ಮುಟ್ಟುತ್ತದೆ. ಅಷ್ಟು ಬಿಸಿಯಲ್ಲಿ ಆಯಿಲ್ ಸುಟ್ಟು ವಾಲ್ವ್ ಮೇಲೆ ಕರಿ ಕಟ್ಟುತ್ತದೆ. 3 ಬಾರ್‌ನಲ್ಲಿ ನಿಲ್ಲಿಸಿ, ಮತ್ತೆ 27 ಡಿಗ್ರಿಗೆ ಇಳಿಸಿ, ಆಮೇಲೆ 9ಕ್ಕೆ ಏರಿಸಿದರೆ 215 ಸಾಕು, ಗಾಳಿ ಎಲ್ಲೂ 114 ಡಿಗ್ರಿ ದಾಟುವುದಿಲ್ಲ. ಶೇ 12ಕ್ಕಿಂತ ಜಾಸ್ತಿ ಉಳಿತಾಯ.

ಈ ಉಳಿತಾಯ ಎರಡು ಸಿಲಿಂಡರ್ ಹಾಕಿದ್ದಕ್ಕೆ ಬಂದಿದ್ದಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೂಲರ್ ತೆಗೆದು ಎರಡೂ ಸಿಲಿಂಡರನ್ನು ನೇರ ಪೈಪಿನಲ್ಲಿ ಸೇರಿಸಿ, ಲೆಕ್ಕ ಮತ್ತೆ 246ಕ್ಕೇ ಬಂದು ನಿಲ್ಲುತ್ತದೆ. ಬಿಸಿ ಗಾಳಿ ಜಾಸ್ತಿ ಜಾಗ ಹಿಡಿಯುತ್ತದೆ, ಅದನ್ನು ಒತ್ತಲು ಜಾಸ್ತಿ ಕೆಲಸ ಬೇಕು. ತಣ್ಣಗೆ ಮಾಡಿದಾಗ ಗಾಳಿ ಕುಗ್ಗುತ್ತದೆ, ಎರಡನೇ ಪಿಸ್ಟನ್‌ಗೆ ಕೆಲಸ ಕಡಿಮೆಯಾಗುತ್ತದೆ. ಉಳಿತಾಯ ಪೂರ್ತಿ ಅಲ್ಲೇ ಇರೋದು. ಕೊನೆಯ ಹಂತ ಮುಗಿದ ಮೇಲೆ ಕೂರಿಸುವ ಆಫ್ಟರ್‌ಕೂಲರ್‌ಗೂ ಇದೇ ಪುಣ್ಯ ಕಟ್ಟುವವರಿದ್ದಾರೆ. ಅದು ಗಾಳಿಯಿಂದ ನೀರು ತೆಗೆಯುತ್ತದೆ, ಟ್ಯಾಂಕಿಗೆ ಒಳ್ಳೆಯದು, ಆದರೆ ಒತ್ತುವ ಕೆಲಸ ಆಗಲೇ ಮುಗಿದಿರುತ್ತದೆ, ಒಂದು ಕಿಲೋಜೂಲ್ ಕೂಡ ವಾಪಸ್ ಬರುವುದಿಲ್ಲ.

ಸರಿ, 5 ಬಾರ್ ಇಟ್ಟರೆ ಏನಾಗುತ್ತಿತ್ತು? 222 ಕಿಲೋಜೂಲ್. 215ಕ್ಕೆ ಹೋಲಿಸಿದರೆ ಶೇ 3ರಷ್ಟು ನಷ್ಟ, ಜೊತೆಗೆ ಮೊದಲ ಸಿಲಿಂಡರ್ 162 ಡಿಗ್ರಿಗೆ ಬೇಯುತ್ತದೆ. 2.5 ಬಾರ್ ಇಟ್ಟರೆ? 216. 3.5 ಇಟ್ಟರೂ 216ರ ಆಸುಪಾಸು. ಅಂದರೆ 3ರ ಅಕ್ಕಪಕ್ಕ ಅರ್ಧ ಬಾರ್ ಹೆಚ್ಚುಕಡಿಮೆ ಆದರೆ ಶೇ 0.5 ಕೂಡ ಬದಲಾಗುವುದಿಲ್ಲ. ಕನಿಷ್ಠ ಬಿಂದುವಿನ ತಳ ಅಷ್ಟು ಚಪ್ಪಟೆ ಇದೆ. ಸೂತ್ರ ಕೊಟ್ಟ ಅಂಕಿಯನ್ನು ಮೂರು ದಶಮಾಂಶದವರೆಗೆ ಹಿಡಿದುಕೊಂಡು ಕೂರುವವರು ಇದನ್ನು ಗಮನಿಸಬೇಕು.

ಗಮನ ಎಲ್ಲಿ ಬೇಕು ಅಂದರೆ ಕೂಲರ್ ಮೇಲೆ. ಆ ಸೂತ್ರದ ಹಿಂದೆ ಒಂದು ಷರತ್ತು ಇದೆ: ಗಾಳಿ ಎರಡನೇ ಸಿಲಿಂಡರ್‌ಗೆ ಹೋಗುವಾಗ ಮೊದಲನೆಯದಕ್ಕೆ ಬಂದಷ್ಟೇ ತಣ್ಣಗಿರಬೇಕು. ‘ಪರಿಪೂರ್ಣ ಇಂಟರ್‌ಕೂಲಿಂಗ್’ ಅಂದರೆ ಅಷ್ಟೇ, ಸಿಕ್ಕಾಪಟ್ಟೆ ತಣ್ಣಗೆ ಮಾಡುವುದಲ್ಲ. ಫಿನ್ ಮೇಲೆ ಧೂಳು, ಎಣ್ಣೆ ಮೆತ್ತಿಕೊಂಡು ಗಾಳಿ 27ರ ಬದಲು 57 ಡಿಗ್ರಿಯಲ್ಲಿ ಒಳಗೆ ಹೋಯಿತು ಅನ್ನಿ. ಆಗ ಸಮಪಾಲಿನ ನಿಯಮ ಸ್ವಲ್ಪ ಸರಿಯುತ್ತದೆ. ಎರಡೂ ಹಂತದಿಂದ ಹೊರಬರುವ ಗಾಳಿಯ ತಾಪಮಾನ ಒಂದೇ ಆಗುವಂಥ ಒತ್ತಡವೇ ಈಗ ಅತ್ಯುತ್ತಮ, ಲೆಕ್ಕ ಹಾಕಿದರೆ ಸುಮಾರು 3.7 ಬಾರ್. ಎರಡನೇ ಹಂತ ಬಿಸಿಯಿಂದ ಶುರುವಾಗುವ ಕಾರಣ ಅದಕ್ಕೆ ಕಡಿಮೆ ಪಾಲು ಕೊಡಬೇಕು ಅನ್ನೋದು ಅರ್ಥ. ಆದರೆ 3ರಲ್ಲೇ ಬಿಟ್ಟರೆ 226 ಕಿಲೋಜೂಲ್, 3.7ಕ್ಕೆ ಸರಿಸಿದರೆ 225. ಒತ್ತಡ ಹೊಂದಿಸಿದ್ದಕ್ಕೆ ಸಿಕ್ಕಿದ್ದು ಒಂದು ಕಿಲೋಜೂಲ್, ಕೂಲರ್ ಗಲೀಜಾಗಿದ್ದಕ್ಕೆ ಕಳೆದುಕೊಂಡಿದ್ದು ಹತ್ತು. ಪರೀಕ್ಷೆಯಲ್ಲಿ ಒತ್ತಡದ ಬಗ್ಗೆಯೇ ಕೇಳುತ್ತಾರೆ ಅಂತ ಎಲ್ಲರೂ ಆ ಒಂದರ ಹಿಂದೆ ಬೀಳುತ್ತಾರೆ.

ಇನ್ನೊಂದು ವಿಷಯ ನೋಟ್ಸ್‌ಗಳಲ್ಲಿ ಕಾಣುವುದೇ ಅಪರೂಪ. ಮಧ್ಯಂತರ ಒತ್ತಡವನ್ನು ‘ಆರಿಸುವುದು’ ಅನ್ನುತ್ತೇವೆ, ಆದರೆ ಮಷಿನ್ ಮೇಲೆ ಅದಕ್ಕೊಂದು ನಾಬ್ ಇರುವುದಿಲ್ಲ. ಆಯ್ಕೆ ನಡೆಯೋದು ಡಿಸೈನ್ ಮಾಡುವಾಗ, ಸಿಲಿಂಡರ್‌ಗಳ ಗಾತ್ರದಲ್ಲಿ. ಮೊದಲನೆಯದು, ಅಂದರೆ ಕಡಿಮೆ ಒತ್ತಡದ ಎಲ್‌ಪಿ ಸಿಲಿಂಡರ್ ಕಳಿಸಿದಷ್ಟು ಗಾಳಿಯನ್ನು ಎರಡನೆಯದು, ಅಂದರೆ ಹೆಚ್ಚು ಒತ್ತಡದ ಎಚ್‌ಪಿ ಸಿಲಿಂಡರ್ ನುಂಗಬೇಕು. ಎಚ್‌ಪಿಯ ಗಾತ್ರ ಮೂರನೇ ಒಂದು ಭಾಗ ಇದ್ದರೆ, ಗಾಳಿ ಮೂರನೇ ಒಂದು ಭಾಗಕ್ಕೆ ಕುಗ್ಗುವವರೆಗೆ ಇಂಟರ್‌ಕೂಲರ್‌ನಲ್ಲಿ ಒತ್ತಡ ಏರುತ್ತದೆ, 3 ಬಾರ್‌ನಲ್ಲಿ ನಿಲ್ಲುತ್ತದೆ. ಸ್ಟ್ರೋಕ್ ಒಂದೇ ಆದರೆ ಎಲ್‌ಪಿ ಬೋರ್ 100 ಮಿ.ಮೀ. ಇದ್ದಾಗ ಎಚ್‌ಪಿ ಬೋರ್ 58 ಮಿ.ಮೀ. ಹತ್ತಿರ ಬರಬೇಕು.

ಇದರಿಂದ ಒಂದು ಪರಿಣಾಮ ಇದೆ. ಯಾರೋ ಪ್ರೆಶರ್ ಸ್ವಿಚ್ ತಿರುಗಿಸಿ ಟ್ಯಾಂಕ್ ಒತ್ತಡವನ್ನು ಗೇಜ್‌ನಲ್ಲಿ 8ರಿಂದ 10ಕ್ಕೆ ಏರಿಸಿದರು ಅನ್ನಿ. ಸೂತ್ರ ನಂಬಿದವರು ಮಧ್ಯಂತರ ಒತ್ತಡವೂ ತಾನಾಗಿ ಏರಿ ಸಮಪಾಲು ಆಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಸಿಲಿಂಡರ್ ಗಾತ್ರ ಬದಲಾಗಿಲ್ಲ, ಹಾಗಾಗಿ ಮಧ್ಯಂತರ ಒತ್ತಡ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ, ಹೊಸ ಭಾರ ಪೂರ್ತಿ ಎಚ್‌ಪಿ ತಲೆಗೆ ಬೀಳುತ್ತದೆ. ಅದರ ಪಾಲು ಮೂರು ಪಟ್ಟಿನಿಂದ 3.7 ಪಟ್ಟಿಗೆ ಹೋಗುತ್ತದೆ, ಹೊರಬರುವ ಗಾಳಿ 114ರಿಂದ 132 ಡಿಗ್ರಿ ಹತ್ತಿರಕ್ಕೆ ಏರುತ್ತದೆ.

ಗಾತ್ರವೇ ಒತ್ತಡ ನಿರ್ಧರಿಸುವುದರಿಂದ ಇಂಟರ್‌ಕೂಲರ್ ಗೇಜ್ ಒಳ್ಳೆಯ ರೋಗ ಸೂಚಕ. ನಮ್ಮ ಮಷಿನ್‌ನಲ್ಲಿ ಅದು 2 ತೋರಿಸಬೇಕು. 2.3ರ ಹತ್ತಿರ ನಿಂತಿದ್ದರೆ ಕೂಲರ್ ಗಲೀಜಾಗಿರಬಹುದು, ಬಿಸಿ ಗಾಳಿ ಹಿಗ್ಗಿರುವುದರಿಂದ ಎಚ್‌ಪಿ ಅಷ್ಟೇ ಗಾಳಿಯನ್ನು ನುಂಗಲು ಒತ್ತಡ ಏರಬೇಕಾಗುತ್ತದೆ. ಅದಕ್ಕಿಂತ ಬಹಳ ಮೇಲೆ ಹೋಗಿ ಸೇಫ್ಟಿ ವಾಲ್ವ್ ಹಾರುತ್ತಿದ್ದರೆ ಎಚ್‌ಪಿ ವಾಲ್ವ್ ಪಾಸ್ ಆಗುತ್ತಿದೆ, ಒತ್ತಿದ ಗಾಳಿ ಹಿಂದಕ್ಕೆ ಬರುತ್ತಿದೆ. 2ಕ್ಕಿಂತ ಕೆಳಗೆ ಇದ್ದರೆ ಎಲ್‌ಪಿ ಕಡೆ ನೋಡಿ: ಮೊದಲು ಏರ್ ಫಿಲ್ಟರ್ ಕಟ್ಟಿಕೊಂಡಿದೆಯಾ ಅಂತ, ಅದು ಸರಿ ಇದ್ದರೆ ಎಲ್‌ಪಿ ವಾಲ್ವ್ ಬಿಚ್ಚಿ.