ಟರ್ಬೈನ್ ಬಿಟ್ಟು ಬರುವ ಹಬೆಯ ಲೆಕ್ಕ

ಮಂಡ್ಯದ ಕಡೆ ಕಬ್ಬು ಅರೆಯುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಯ ಬಾಯ್ಲರ್‌ಗೆ ಕಬ್ಬಿನ ಸಿಪ್ಪೆಯೇ ಸೌದೆ. ಸಿಪ್ಪೆ ಉರಿದು ನೀರು ಹಬೆಯಾಗುತ್ತದೆ, ಹಬೆ ಟರ್ಬೈನ್ ತಿರುಗಿಸುತ್ತದೆ, ಕರೆಂಟ್ ಹುಟ್ಟುತ್ತದೆ. ಆದರೆ ನೀರಿಗೆ ಕೊಟ್ಟ ಶಾಖದಲ್ಲಿ ಕೆಲಸಕ್ಕೆ ಸಿಗುವುದು ಎಷ್ಟು? ಬೇರೆ ಬೇರೆ ಒತ್ತಡದಲ್ಲಿ ನೀರು ಮತ್ತು ಹಬೆಯ ಗುಣಗಳನ್ನು ಪಟ್ಟಿ ಮಾಡಿದ ಸ್ಟೀಮ್ ಟೇಬಲ್ ಒಂದು ಕೈಯಲ್ಲಿದ್ದರೆ ಸಾಕು. ಒಂದು ಕಿಲೋ ನೀರಿನ ಬೆನ್ನು ಹತ್ತೋಣ.

ಬಾಯ್ಲರ್‌ನಿಂದ ಹಬೆ 30 ಬಾರ್ ಒತ್ತಡ, 350 ಡಿಗ್ರಿಯಲ್ಲಿ ಹೊರಡುತ್ತದೆ ಅಂತಿಟ್ಟುಕೊಳ್ಳಿ. ಟರ್ಬೈನ್ ಬಿಟ್ಟ ಹಬೆ ತಣಿದು ಮತ್ತೆ ನೀರಾಗುವ ಕಂಡೆನ್ಸರ್‌ನಲ್ಲಿ 0.1 ಬಾರ್. ಅಲ್ಲಿ ತಣಿದ ನೀರಿನ ಎಂಥಾಲ್ಪಿ, ಅಂದರೆ ಒಳಗಿನ ಶಕ್ತಿಗೆ ಒತ್ತಡದ ಪಾಲನ್ನೂ ಸೇರಿಸಿದ ಲೆಕ್ಕ, 192 ಕಿಲೋಜೂಲ್. ಪಂಪ್ ಅದನ್ನು 30 ಬಾರ್‌ಗೆ ಒತ್ತಿದರೆ 195 ಆಗುತ್ತದೆ. ಬರೀ 3! ಒಂದು ಕಿಲೋ ನೀರು ಒಂದೇ ಲೀಟರ್ ಜಾಗ ಹಿಡಿಯುತ್ತದೆ, ಒತ್ತಿದರೂ ಕುಗ್ಗುವುದಿಲ್ಲ. ಅದಕ್ಕೇ ಪಂಪ್‌ಗೆ ಇಷ್ಟು ಕಡಿಮೆ ಖರ್ಚು. ಬಾಯ್ಲರ್ ಬಿಡುವಾಗ ಎಂಥಾಲ್ಪಿ 3116. ಅಂದರೆ ಕೊಟ್ಟ ಶಾಖ 2921.

ಟರ್ಬೈನ್ ಬಿಡುವಾಗ ಎಷ್ಟು? ತಪ್ಪುವುದು ಇಲ್ಲೇ. ಟೇಬಲ್‌ನಲ್ಲಿ 0.1 ಬಾರ್ ಸಾಲಿನಲ್ಲಿ ಒಣಹಬೆಗೆ 2584 ಅಂತಿದೆ. ಅದನ್ನೇ ಸುಮ್ನೆ ಎತ್ತಿಕೊಂಡರೆ ದಕ್ಷತೆ ಬರೀ 18 ಶೇಕಡ ಬರುತ್ತದೆ. ತಪ್ಪು ಹಿಡಿಯಲು ಎಂಟ್ರೋಪಿ, ಅಂದರೆ ಶಕ್ತಿ ಎಷ್ಟು ಚದುರಿದೆ ಅನ್ನುವ ಅಳತೆ, ನೋಡಬೇಕು. ಘರ್ಷಣೆಯೂ ಶಾಖದ ಸೋರಿಕೆಯೂ ಇಲ್ಲದ ಆದರ್ಶ ಟರ್ಬೈನ್‌ನಲ್ಲಿ ಅದು ಬದಲಾಗಬಾರದು, ಅಲ್ವಾ? ಒಳಗೆ ಬಂದಾಗ 6.745 ಇತ್ತು. 0.1 ಬಾರ್‌ನಲ್ಲಿ ನೀರಿಗೆ 0.649, ಒಣಹಬೆಗೆ 8.149. ನಮ್ಮದು ಇವೆರಡರ ನಡುವೆ ಇದೆ. ಹಾಗಾದರೆ ಹಬೆ ಒದ್ದೆಯಾಗಿದೆ. 6.745ರಲ್ಲಿ 0.649 ಕಳೆದು, ನೀರು-ಒಣಹಬೆಗಳ ನಡುವಿನ ಅಂತರ 7.5ರಿಂದ ಭಾಗಿಸಿದರೆ 0.813. ನೂರಕ್ಕೆ 81 ಪಾಲು ಹಬೆ, ಉಳಿದದ್ದು ಹನಿ.

ಆ ಪಾಲಿನ ಪ್ರಕಾರ ಎಂಥಾಲ್ಪಿ ಸುಮಾರು 2136. ಟರ್ಬೈನ್ ಕೊಟ್ಟ ಕೆಲಸ 980. ಪಂಪ್‌ನ 3 ಕಳೆದರೆ 977. ಅದನ್ನು 2921ರಿಂದ ಭಾಗಿಸಿ: 33.4 ಶೇಕಡ.

ನಿಜವಾದ ಟರ್ಬೈನ್ ಇಷ್ಟು ಕೊಡುವುದಿಲ್ಲ. ಆದರ್ಶ ಕೆಲಸದ 85 ಶೇಕಡ ಕೊಟ್ಟರೆ ದಕ್ಷತೆ 28.4ಕ್ಕೆ ಇಳಿಯುತ್ತದೆ. ಆಗ ಹಬೆ ಕೊಂಚ ಒಣಗುತ್ತದೆ, 87 ಪಾಲು. ಆದರೂ ಆ ಹನಿಗಳು ಭಾರಿ ವೇಗದಲ್ಲಿ ಕೊನೆಯ ಸಾಲಿನ ಬ್ಲೇಡ್‌ಗಳಿಗೆ ಬಡಿದು ಅಂಚನ್ನು ಕೊರೆಯುತ್ತವೆ. ಅದಕ್ಕೇ ಹಬೆಯನ್ನು ಇನ್ನೂ ಜಾಸ್ತಿ ಬಿಸಿ ಮಾಡಿ ಕಳಿಸುವುದು.

ಆದರ್ಶ ಲೆಕ್ಕದಲ್ಲೂ 1944 ಕಿಲೋಜೂಲ್ ಕಂಡೆನ್ಸರ್‌ನ ತಣ್ಣೀರಿಗೆ ಹೋಯಿತು. ಅದನ್ನು ಉಳಿಸಿ ಕಬ್ಬಿನ ಹಾಲು ಕಾಯಿಸಬಹುದಲ್ಲ ಅನ್ನಿಸುತ್ತದೆ. ಆದರೆ 0.1 ಬಾರ್ ಹಬೆಯ ಬಿಸಿ ಬರೀ 46 ಡಿಗ್ರಿ, ಅದರಲ್ಲಿ ಹಾಲು ಕುದಿಯದು. ಹಾಗಾಗಿ ಕಾರ್ಖಾನೆಯವರು ಹೆಚ್ಚು ಒತ್ತಡದಲ್ಲೇ ಹಬೆಯನ್ನು ಟರ್ಬೈನ್‌ನಿಂದ ಹೊರಗೆ ತೆಗೆಯುತ್ತಾರೆ. ಕರೆಂಟ್ ಕಡಿಮೆಯಾಗುತ್ತದೆ: 0.75 ಬಾರ್‌ನಲ್ಲಿ ಬಿಟ್ಟರೂ 33.4 ಇದ್ದದ್ದು 26 ಆಗುತ್ತದೆ. ಆದರೆ ಆ ಹಬೆಯ ಶಾಖ ನೀರುಪಾಲಾಗದೆ ಸಕ್ಕರೆಯ ಕಡಾಯಿ ಸೇರುತ್ತದೆ.